ಎಂಡಿ ಡಿಎಸ್‌ಸಿ ಅವಧಿ ಮುಗಿದಿದೆ, ಆಡಿಟ್ ರಿಪೋರ್ಟ್ ಪೋರ್ಟಲ್‌ನಲ್ಲೇ ನಿಂತಿದೆ

ಪ್ರಶ್ನೆ: ನಮಸ್ಕಾರ ಸರ್. ನಾನು ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಅಕೌಂಟೆಂಟ್. ವಾರ್ಷಿಕ ವಹಿವಾಟು 14 ಕೋಟಿ. ನಮ್ಮ ಆಡಿಟರ್ ಟ್ಯಾಕ್ಸ್ ಆಡಿಟ್ ರಿಪೋರ್ಟನ್ನು ಆದಾಯ ತೆರಿಗೆ ಪೋರ್ಟಲ್‌ಗೆ ಹಾಕಿಯಾಗಿದೆ. ಕಂಪನಿ ಕಡೆಯಿಂದ ಒಪ್ಪಿಗೆ ಕೊಡೋಣ ಅಂತ ಹೋದರೆ ಎಂಡಿಯವರ ಡಿಎಸ್‌ಸಿ, ಅಂದ್ರೆ ಡಿಜಿಟಲ್ ಸಹಿಯ ಸರ್ಟಿಫಿಕೇಟ್, ಅವಧಿ ಮುಗಿದಿದೆ ಅಂತ ಬರ್ತಿದೆ. ಅವರು ದುಬೈನಲ್ಲಿದ್ದಾರೆ, ಬರೋದು ಅಕ್ಟೋಬರ್ ಎರಡನೇ ವಾರ. ಸೆಪ್ಟೆಂಬರ್ 30ಕ್ಕೆ ಇನ್ನು ನಾಲ್ಕೇ ದಿನ. ಆಧಾರ್ ಓಟಿಪಿಯಲ್ಲಿ ಆಗಲ್ವಾ? ಎಂಡಿಯವರ ತಮ್ಮನೂ ಡೈರೆಕ್ಟರ್, ಅವರ ಡಿಎಸ್‌ಸಿ ಇದೆ, ಕಂಪನಿ ವ್ಯವಹಾರಗಳ ಇಲಾಖೆಯ ಫೈಲಿಂಗ್‌ಗೆ ಅಂತ ಮಾಡಿಸಿದ್ದು. ಅದು ನಡೆಯುತ್ತಾ? ಇಲ್ಲಾಂದ್ರೆ ರಿಪೋರ್ಟನ್ನು ಪೇಪರ್‌ನಲ್ಲಿ ಆಫೀಸಿಗೆ ಕೊಟ್ಟು ಸೀಲ್ ಹಾಕಿಸಿಕೊಂಡರೆ ಸಾಕಾ?

ಉತ್ತರ: ತಮ್ಮನವರ ಡಿಎಸ್‌ಸಿ ನಡೆಯುತ್ತದೆ. ನಿಮ್ಮ ಮುಂದಿರುವ ದಾರಿಗಳಲ್ಲಿ ಅದೇ ಸಲೀಸು. ಓಟಿಪಿ ನಡೆಯುವುದಿಲ್ಲ. ಪೇಪರ್‌ನಲ್ಲಿ ಕೊಟ್ಟರೆ ಫೈಲ್ ಮಾಡಿದಂತೆ ಆಗುವುದಿಲ್ಲ, ಆದರೆ ಅದಕ್ಕೂ ಒಂದು ಸಣ್ಣ ಉಪಯೋಗವಿದೆ, ಆಮೇಲೆ ಹೇಳುತ್ತೇನೆ. ನಾನು ಹೇಳುವ ಸೆಕ್ಷನ್‌ಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ.

ಮೊದಲು ಒಂದು ಎಚ್ಚರಿಕೆ. ಗಾಬರಿಯಲ್ಲಿ Reject ಒತ್ತಬೇಡಿ. ಕಂಪನಿಯ ಆಡಿಟ್ ರಿಪೋರ್ಟ್ ಅಂದರೆ ಫಾರ್ಮ್ 3ಸಿಎ-3ಸಿಡಿ. ಇದಕ್ಕೆ ಎರಡು ಸಹಿ ಬೇಕು. ಆಡಿಟರ್ ತಮ್ಮ ಲಾಗಿನ್‌ನಿಂದ ತಮ್ಮ ಡಿಎಸ್‌ಸಿ ಹಾಕಿ ಅಪ್‌ಲೋಡ್ ಮಾಡುತ್ತಾರೆ. ಅದು ಕಂಪನಿಯ ಲಾಗಿನ್‌ನಲ್ಲಿ Worklist ಒಳಗೆ For Your Action ಅನ್ನುವ ಕಡೆ ಬಂದು ಕೂರುತ್ತದೆ. ಕಂಪನಿ ತನ್ನ ಸಹಿಯ ಜೊತೆ ಒಪ್ಪಿಕೊಂಡ ದಿನವೇ ಫೈಲ್ ಆದ ದಿನ. ಆಡಿಟರ್ ಹಾಕಿದ ದಿನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮಲ್ಲಿ ಮೊದಲ ಸಹಿ ಮುಗಿದಿದೆ. ಕಂಪನಿ ಕಡೆಯ ಡಿಎಸ್‌ಸಿ ಬದಲಾದರೆ ಆಡಿಟರ್ ಮತ್ತೆ ಅಪ್‌ಲೋಡ್ ಮಾಡಬೇಕಾಗಿಲ್ಲ, ರಿಪೋರ್ಟ್‌ನ ಗುರುತಿನ ಸಂಖ್ಯೆಯಾದ ಯುಡಿಐಎನ್ ಹೊಸದಾಗಿ ತೆಗೆಯಬೇಕಾಗಿಲ್ಲ. ರಿಪೋರ್ಟ್ ಅಲ್ಲೇ ಕಾಯುತ್ತಿರುತ್ತದೆ. Reject ಒತ್ತಿದರೆ ಮಾತ್ರ ಅದು ವಾಪಸ್ ಹೋಗಿ, ಆಡಿಟರ್ ಮೊದಲಿಂದ ಹಾಕಬೇಕಾಗುತ್ತದೆ. ಸೆಪ್ಟೆಂಬರ್ ಕೊನೆಯ ವಾರ ಯಾವ ಆಡಿಟರ್‌ಗೂ ಆ ಪುರುಸೊತ್ತು ಇರುವುದಿಲ್ಲ.

ಎರಡನೆಯದು, ನಿಜವಾಗಿ ಅವಧಿ ಮುಗಿದಿದೆಯಾ ಅಂತ ಕಣ್ಣಾರೆ ನೋಡಿ. ಎಷ್ಟೋ ಸಲ ಡಿಎಸ್‌ಸಿ ಇರುವ ಯುಎಸ್‌ಬಿ ಟೋಕನ್‌ನಲ್ಲೇ ಹಳೆಯದು ಒಂದು, ಹೊಸದು ಒಂದು ಹೀಗೆ ಎರಡು ಸರ್ಟಿಫಿಕೇಟ್ ಇರುತ್ತವೆ. ಹೆಸರು ಎರಡಕ್ಕೂ ಒಂದೇ. ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಆರಿಸಿರುತ್ತೀರಿ, ಅದು ಹಳೆಯದಾಗಿರುತ್ತದೆ. ವಿಂಡೋಸ್ ಕಂಪ್ಯೂಟರ್‌ಗೆ ಟೋಕನ್ ಚುಚ್ಚಿ, ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಹೊಡೆಯಿರಿ:

```
certutil -user -store My
```

ಪ್ರತಿ ಸರ್ಟಿಫಿಕೇಟ್‌ನ ಕೆಳಗೆ NotBefore, NotAfter ಅಂತ ಎರಡು ದಿನಾಂಕ ಬರುತ್ತವೆ. NotAfter ದಾಟಿದ್ದರೆ ಅದು ಮುಗಿದದ್ದು. ದಿನಾಂಕ ಇನ್ನೂ ಮುಂದಿದ್ದರೆ ತೊಂದರೆ ಬೇರೆ ಕಡೆ ಇದೆ. ಪೋರ್ಟಲ್‌ನಲ್ಲಿ Provider ಪಟ್ಟಿಯೇ ಖಾಲಿ ಬಂದರೆ ಅದು ಅವಧಿಯ ಸಮಸ್ಯೆ ಅಲ್ಲವೇ ಅಲ್ಲ. ಟೋಕನ್ನನ್ನು ಪೋರ್ಟಲ್‌ಗೆ ಜೋಡಿಸುವ emBridge ಸಾಫ್ಟ್‌ವೇರ್ ಚಾಲೂ ಆಗಿಲ್ಲ, ಅಥವಾ ಟೋಕನ್‌ನ ಡ್ರೈವರ್ ಇಲ್ಲ ಅಂತ ಅರ್ಥ.

ಇನ್ನೊಂದು ಸಾಧ್ಯತೆಯೂ ಇದೆ. ಎಂಡಿಯವರು ಹೊಸ ಡಿಎಸ್‌ಸಿ ಮಾಡಿಸಿಕೊಂಡಿರುತ್ತಾರೆ, ಆದರೆ ಪೋರ್ಟಲ್‌ನಲ್ಲಿ ನೋಂದಾಯಿಸಿರುವುದು ಇನ್ನೂ ಹಳೆಯದೇ ಆಗಿರುತ್ತದೆ. ಆಗ ಹೊಸದನ್ನು ಮತ್ತೊಮ್ಮೆ ನೋಂದಾಯಿಸಿದರೆ ಮುಗಿಯಿತು. ಇದಕ್ಕೆ ಅರ್ಧ ಗಂಟೆಯೂ ಬೇಡ. ಫೋನ್ ಮಾಡಿ ಒಮ್ಮೆ ಕೇಳಿಬಿಡಿ.

ನಿಜವಾಗಿಯೂ ಮುಗಿದಿದ್ದರೆ ಆ ಸರ್ಟಿಫಿಕೇಟ್‌ಗೆ ಜೀವ ಬರಿಸಲು ಆಗುವುದಿಲ್ಲ. ಅಂಗಡಿಯವರು ರಿನ್ಯೂವಲ್ ಅನ್ನುತ್ತಾರೆ, ಆದರೆ ಕೊಡುವುದು ಹೊಸ ಸರ್ಟಿಫಿಕೇಟ್, ಹೊಸ ಕೀ. ಹಳೆಯದರ ದಿನಾಂಕ ಯಾರೂ ಮುಂದಕ್ಕೆ ಹಾಕುವುದಿಲ್ಲ. ಕಂಪ್ಯೂಟರ್‌ನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಸಹಿ ಹಾಕುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಪೋರ್ಟಲ್ ನೋಡುವುದು ತನ್ನ ಗಡಿಯಾರವನ್ನು, ನಿಮ್ಮದನ್ನಲ್ಲ. ಅಂದ ಹಾಗೆ, ಅವಧಿ ಇದ್ದಾಗ ಹಾಕಿದ ಹಳೆಯ ಸಹಿಗಳಿಗೆ ಏನೂ ಆಗುವುದಿಲ್ಲ. ಹೋದ ವರ್ಷದ ರಿಟರ್ನ್ ಏನಾಗುತ್ತೋ ಅಂತ ಹೆದರಬೇಡಿ.

ಓಟಿಪಿ ಯಾಕೆ ಆಗುವುದಿಲ್ಲ? ಆಡಿಟ್ ಇರುವ ವ್ಯಕ್ತಿ ಅಥವಾ ಪ್ರೊಪ್ರೈಟರ್‌ಗೆ ಆಡಿಟ್ ರಿಪೋರ್ಟ್ ಒಪ್ಪಿಕೊಳ್ಳಲು ಡಿಎಸ್‌ಸಿ ಇಲ್ಲದಿದ್ದರೆ ಓಟಿಪಿಯ ದಾರಿ ಇದೆ. ಕಂಪನಿಗೆ ಆ ಆಯ್ಕೆಯೇ ಇಲ್ಲ. ರಿಟರ್ನ್ ಆದ ಐಟಿಆರ್-6ಕ್ಕೂ ಡಿಜಿಟಲ್ ಸಹಿಯೇ ಬೇಕು. ನಿಮ್ಮ ಗೆಳೆಯರ ಪ್ರೊಪ್ರೈಟರ್ ಅಂಗಡಿಯಲ್ಲಿ ಆಯಿತು ಅಂತ ಇಲ್ಲಿ ಹುಡುಕುತ್ತಾ ಕೂರಬೇಡಿ, ಆ ಬಟನ್ ಸಿಗುವುದಿಲ್ಲ.

ಈಗ ತಮ್ಮನವರ ವಿಷಯ. ಕಂಪನಿಯ ಪರವಾಗಿ ಯಾರು ಸಹಿ ಮಾಡಬಹುದು ಅನ್ನುವುದನ್ನು ಸೆಕ್ಷನ್ 140 ಹೇಳುತ್ತದೆ. ಎಂಡಿ ಸಹಿ ಮಾಡಬೇಕು. ತಪ್ಪಿಸಲಾಗದ ಕಾರಣದಿಂದ ಅವರಿಗೆ ಆಗದಿದ್ದರೆ, ಅಥವಾ ಎಂಡಿಯೇ ಇಲ್ಲದಿದ್ದರೆ, ಯಾವುದೇ ಡೈರೆಕ್ಟರ್ ಮಾಡಬಹುದು. ಇದು ರಿಟರ್ನ್‌ಗೆ ಇರುವ ಮಾತು. ರಿಪೋರ್ಟ್ ಒಪ್ಪಿಕೊಳ್ಳುವಾಗಲೂ ಇದೇ ಕ್ರಮ ಇಟ್ಟುಕೊಂಡರೆ ಮುಂದೆ ಯಾರೂ ತಕರಾರು ತೆಗೆಯಲು ಬರುವುದಿಲ್ಲ. ಎಂಡಿ ಹೊರದೇಶದಲ್ಲಿದ್ದಾರೆ, ಡಿಎಸ್‌ಸಿ ಮುಗಿದಿದೆ, ವಾಪಸಾಗುವುದು ಗಡುವು ಮುಗಿದ ಮೇಲೆ. ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಾ? ಆದರೆ ಅದು ಕಾಗದದ ಮೇಲೆ ಇರಲಿ. ಬೋರ್ಡ್‌ನ ಒಂದು ನಿರ್ಣಯ ಬರೆಸಿ: ಎಂಡಿ ಇಂಥ ದಿನದಿಂದ ಇಂಥ ದಿನದವರೆಗೆ ಭಾರತದಲ್ಲಿ ಇಲ್ಲ, ಅವರ ಡಿಜಿಟಲ್ ಸಹಿ ಇಂಥ ದಿನ ಮುಗಿದಿದೆ, ಆದ್ದರಿಂದ ಈ ವರ್ಷದ ಆಡಿಟ್ ರಿಪೋರ್ಟನ್ನು ಒಪ್ಪಿ ಸಹಿ ಮಾಡಲು ಇಂಥ ಡೈರೆಕ್ಟರ್‌ಗೆ ಅಧಿಕಾರ ಕೊಡಲಾಗಿದೆ. ಜೊತೆಗೆ ಎಂಡಿಯವರ ವಿಮಾನ ಟಿಕೆಟ್‌ನ ಪ್ರತಿ ಫೈಲಿನಲ್ಲಿ ಇಡಿ. ಪೋರ್ಟಲ್ ಇದನ್ನು ಕೇಳುವುದಿಲ್ಲ. ಅಧಿಕಾರಿ ಮುಂದೆ ಕೇಳಬಹುದು.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಈ ಅವಕಾಶ ಡೈರೆಕ್ಟರ್‌ಗೆ ಮಾತ್ರ. ನೀವು ಅಕೌಂಟೆಂಟ್, ನಿಮ್ಮ ಹೆಸರಲ್ಲಿ ಡಿಎಸ್‌ಸಿ ಇದ್ದರೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅವರ ಡಿಎಸ್‌ಸಿ ಮಾಡಿಸಿದ್ದು ಬೇರೆ ಇಲಾಖೆಗೆ ಅನ್ನುವುದು ತೊಂದರೆ ಅಲ್ಲ. ಸರ್ಟಿಫಿಕೇಟ್ ವ್ಯಕ್ತಿಯದು, ಇಲಾಖೆಯದಲ್ಲ. ಮೂರು ವಿಷಯ ನೋಡಿಕೊಂಡರೆ ಸಾಕು. ಅದು ಕ್ಲಾಸ್ 3 ಆಗಿರಬೇಕು. ಕ್ಲಾಸ್ 2 ಕೊಡುವುದನ್ನು 2021ರ ಜನವರಿಯಿಂದ ನಿಲ್ಲಿಸಿದ್ದಾರೆ, ಹಾಗಾಗಿ ಈಗ ಚಾಲ್ತಿಯಲ್ಲಿರುವುದು ಹೆಚ್ಚುಕಡಿಮೆ ಎಲ್ಲವೂ ಕ್ಲಾಸ್ 3. ಎರಡನೆಯದು, ಅವಧಿ ಬಾಕಿ ಇರಬೇಕು. ಮೂರನೆಯದರಲ್ಲೇ ಜಾಸ್ತಿ ಜನ ಸಿಕ್ಕಿಕೊಳ್ಳುವುದು: ಸರ್ಟಿಫಿಕೇಟ್‌ನೊಳಗೆ ಅವರ ಸ್ವಂತ ಪ್ಯಾನ್ ಸೇರಿರಬೇಕು. ಪೋರ್ಟಲ್ ಅದನ್ನು ಲಾಗಿನ್‌ನ ಪ್ಯಾನ್ ಜೊತೆ ತಾಳೆ ನೋಡುತ್ತದೆ. ಕೆಲವು ಸಂಸ್ಥೆಯ ಹೆಸರಿನ ಸರ್ಟಿಫಿಕೇಟ್‌ಗಳಲ್ಲಿ ಪ್ಯಾನ್ ಸೇರಿಸದೆ ಕೊಟ್ಟಿರುತ್ತಾರೆ. ಆಗ ನೋಂದಣಿಯ ಹಂತದಲ್ಲೇ ಪ್ಯಾನ್ ಹೊಂದುತ್ತಿಲ್ಲ ಅಂತ ಬಂದು ನಿಲ್ಲುತ್ತದೆ. ಹಾಗಾದರೆ ಅವರಿಗೂ ಹೊಸದೇ ಬೇಕು.

ಇನ್ನು ಕೆಲಸದ ಕ್ರಮ. ಇದನ್ನು ಹಿಂದೆ ಮುಂದೆ ಮಾಡಿದರೆ ಸುಮ್ನೆ ಒಂದು ದಿನ ಹಾಳು. ಮೊದಲು ತಮ್ಮನವರ ವೈಯಕ್ತಿಕ ಲಾಗಿನ್ ತೆರೆಯಬೇಕು, ಕಂಪನಿಯದಲ್ಲ. ಅವರ ಪ್ಯಾನ್ ಹಾಕಿ ಒಳಗೆ ಹೋಗಿ My Profile, ಅಲ್ಲಿಂದ Register DSC. ಅದೇ ಕಂಪ್ಯೂಟರ್‌ನಲ್ಲಿ emBridge ಇರಬೇಕು, ಟೋಕನ್ ಚುಚ್ಚಿರಬೇಕು. ಪ್ರೊವೈಡರ್, ಸರ್ಟಿಫಿಕೇಟ್ ಆರಿಸಿ, ಟೋಕನ್‌ನ ಪಿನ್ ಹಾಕಿ. ಇಲ್ಲಿ ನೋಂದಣಿ ಆಗದೆ ಕಂಪನಿಯ ಲಾಗಿನ್‌ಗೆ ನೇರ ಹೋದರೆ ಪೋರ್ಟಲ್ ಒಪ್ಪುವುದಿಲ್ಲ.

ಆಮೇಲೆ ಕಂಪನಿಯ ಲಾಗಿನ್. My Profile ಒಳಗೆ Key Person Details ಅನ್ನುವ ಕಡೆ ತಮ್ಮನವರ ಹೆಸರು, ಪ್ಯಾನ್ ಇದೆಯಾ ನೋಡಿ. ಇಲ್ಲದಿದ್ದರೆ ಸೇರಿಸಿ. ಈಗ Principal Contact ಆಗಿ ಎಂಡಿ ಇರುತ್ತಾರೆ, ಅದನ್ನು ತಮ್ಮನವರಿಗೆ ಬದಲಿಸಿ. ಕಂಪನಿಯ ಹೆಸರಲ್ಲಿ ಸಹಿ ಹಾಕುವವರು ಅಂತ ಪೋರ್ಟಲ್ ಗುರುತಿಸುವುದು ಈ Principal Contact ಅನ್ನೇ. ಬದಲಿಸುವಾಗ ಓಟಿಪಿ ಬರುತ್ತದೆ. ಕಂಪನಿಯ ಪ್ರೊಫೈಲ್‌ನಲ್ಲಿ ಇರುವ ಮೊಬೈಲ್ ನಂಬರ್ ಎಂಡಿಯವರದಾಗಿದ್ದರೆ ಅವರನ್ನು ಫೋನಿನಲ್ಲಿ ಇಟ್ಟುಕೊಂಡೇ ಇದನ್ನು ಮಾಡಿ. ದುಬೈಯಲ್ಲಿ ಅವರ ಇಲ್ಲಿನ ಸಿಮ್‌ಗೆ ರೋಮಿಂಗ್ ಇದೆಯಾ ಅಂತ ಇವತ್ತೇ ಕೇಳಿ. ಕೆಲಸ ನಿಲ್ಲುವುದಾದರೆ ಇಲ್ಲೇ ನಿಲ್ಲುವುದು.

ಬದಲಾದ ಮೇಲೆ ಅದೇ ಕಂಪನಿ ಲಾಗಿನ್‌ನಲ್ಲಿ ಇನ್ನೊಮ್ಮೆ Register DSC ಮಾಡಿ, ಅದೇ ಟೋಕನ್‌ನಿಂದ. ಆಮೇಲೆ Worklist ಗೆ ಹೋಗಿ ರಿಪೋರ್ಟ್ ತೆರೆಯಿರಿ. ಒಪ್ಪಿಗೆ ಕೊಡುವ ಮುಂಚೆ ಒಂದು ಸಲ ಓದಿ. ಗಡಿಬಿಡಿಯಲ್ಲಿ ಆಡಿಟರ್ ಹಾಕಿದ್ದನ್ನು ನೋಡದೆ ಒಪ್ಪುವ ಅಭ್ಯಾಸ ಜಾಸ್ತಿ. ವಹಿವಾಟಿನ ಮೊತ್ತ, ಟಿಡಿಎಸ್ ಬಾಕಿ, ಲಗತ್ತಿಸಿದ ಬ್ಯಾಲೆನ್ಸ್ ಶೀಟ್ ನಿಮ್ಮ ಕಂಪನಿಯದೇ ತಾನೆ ಅಂತ ನೋಡಿ. Accept ಒತ್ತಿ ಡಿಎಸ್‌ಸಿ ಹಾಕಿ. ಪರದೆಯ ಮೇಲೆ ಬಂದ ಸಂದೇಶವನ್ನಷ್ಟೇ ನಂಬಬೇಡಿ. e-File ಒಳಗೆ Income Tax Forms, ಅಲ್ಲಿ View Filed Forms ತೆರೆದು ಅಕ್ನಾಲೆಜ್‌ಮೆಂಟ್ ನಂಬರ್ ಮತ್ತು ದಿನಾಂಕ ಕಾಣುತ್ತಾ ನೋಡಿ, ಇಳಿಸಿಕೊಳ್ಳಿ. ಅಲ್ಲಿ ಕಂಡರೆ ಆಯಿತು, ಕಾಣದಿದ್ದರೆ ಆಗಿಲ್ಲ.

ನಾಲ್ಕು ದಿನದಲ್ಲಿ ಇದನ್ನು ಹೇಗೆ ಹರಡಿಕೊಳ್ಳುವುದು? ಇವತ್ತು 26 ಅಂದುಕೊಂಡರೆ, ಇವತ್ತೇ ಟೋಕನ್‌ನ ದಿನಾಂಕ ನೋಡಿ, ನಿರ್ಣಯದ ಕರಡು ಎಂಡಿಗೆ ಕಳಿಸಿ. 27ಕ್ಕೆ ತಮ್ಮನವರ ವೈಯಕ್ತಿಕ ಲಾಗಿನ್‌ನಲ್ಲಿ ನೋಂದಣಿ. ಪ್ಯಾನ್ ತಾಳೆ ಆಗುತ್ತಾ ಅನ್ನುವುದು ಅಲ್ಲೇ ಗೊತ್ತಾಗಿಬಿಡುತ್ತದೆ. ಆಗದಿದ್ದರೆ ಹೊಸದಕ್ಕೆ ಅರ್ಜಿ ಹಾಕಲು ಇನ್ನೂ ಸಮಯ ಇರುತ್ತದೆ. 28ಕ್ಕೆ ಕಂಪನಿಯ ಪ್ರೊಫೈಲ್ ಬದಲಾವಣೆ ಮತ್ತು ಒಪ್ಪಿಗೆ. 29 ಮತ್ತು 30 ಕೈಯಲ್ಲಿ ಉಳಿಯಲಿ. ಕೊನೆಯ ದಿನ ಪೋರ್ಟಲ್ ಹೇಗೆ ತೆವಳುತ್ತದೆ ಅಂತ ನಿಮಗೂ ಗೊತ್ತು. ಬೆಳಗ್ಗೆ ಬೇಗ ಅಥವಾ ರಾತ್ರಿ ತಡವಾಗಿ ಕೂತರೆ ವಾಸಿ.

ಹೊಸ ಡಿಎಸ್‌ಸಿಯ ದಾರಿಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ತಮ್ಮನವರಿಗೋ ಎಂಡಿಗೋ ಅದು ಬೇಕಾಗಬಹುದು. ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್ ಅವರಿಂದ ಲೈಸೆನ್ಸ್ ಪಡೆದ ಸಂಸ್ಥೆಗಳು ಕೊಡುತ್ತವೆ. ಇಮುದ್ರಾ, ಕ್ಯಾಪ್ರಿಕಾರ್ನ್ ಇವೆಲ್ಲ ಅಂಥವು. ಆಧಾರ್ ಅಥವಾ ಪ್ಯಾನ್ ಆಧಾರದ ಕೆವೈಸಿ, ಮೊಬೈಲ್ ಮತ್ತು ಇಮೇಲ್‌ಗೆ ಓಟಿಪಿ, ಆಮೇಲೆ ಕ್ಯಾಮೆರಾ ಮುಂದೆ ಮುಖ ತೋರಿಸಿ ವಿಡಿಯೊ ಪರಿಶೀಲನೆ. ಎಲ್ಲ ಸರಿ ಇದ್ದರೆ ಅದೇ ದಿನ ಸಿಗುವುದೂ ಉಂಟು. ತಡವಾಗುವುದು ಸಾಮಾನ್ಯವಾಗಿ ಹೆಸರಿನಿಂದ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಆಧಾರ್‌ನಲ್ಲಿ ಬರೀ ಅಕ್ಷರ ಇರುತ್ತದೆ, ಅರ್ಜಿ ವಾಪಸ್ ಬರುತ್ತದೆ. ನಮ್ಮ ಕಡೆ ಹೆಸರಿನ ಮುಂದೆ ಊರು, ಅಪ್ಪನ ಹೆಸರು ಸೇರುವುದರಿಂದ ಇದು ಮಾಮೂಲಿ. ಪ್ಯಾನ್‌ನಲ್ಲಿ ಹೇಗಿದೆಯೋ ಹಾಗೇ ಅರ್ಜಿ ತುಂಬಿ, ಪ್ಯಾನ್ ಸೇರಿಸಲೇಬೇಕು ಅಂತ ಹೇಳಿ. ಸಹಿಯ ಜೊತೆ ಎನ್‌ಕ್ರಿಪ್ಷನ್ ಇರುವ ಕಾಂಬೊ ಮಾರಲು ನೋಡುತ್ತಾರೆ. ಅದು ಬೇಕಾಗುವುದು ಟೆಂಡರ್‌ಗಳಿಗೆ, ಆದಾಯ ತೆರಿಗೆಗೆ ಬೇಡ. ಹಳೆಯ ಟೋಕನ್ ಚೆನ್ನಾಗಿದ್ದರೆ ಹೊಸ ಸರ್ಟಿಫಿಕೇಟನ್ನು ಅದಕ್ಕೇ ಇಳಿಸಿಕೊಳ್ಳಬಹುದು. ಕೊರಿಯರ್‌ಗೆ ಕಾಯುವ ಕೆಲಸ ತಪ್ಪುತ್ತದೆ.

ಎಂಡಿಯವರಿಗೆ ದುಬೈಯಲ್ಲಿದ್ದೇ ಮಾಡಿಸೋಣ ಅಂತ ನೀವು ಕೇಳಬಹುದು. ಎರಡು ತೊಡಕು. ಆಧಾರ್ ಮೂಲಕ ಮಾಡಿದರೆ ಕೆವೈಸಿಯ ಓಟಿಪಿ ಅವರ ಆಧಾರ್ ಜೋಡಿಸಿದ ನಂಬರ್‌ಗೇ ಬರಬೇಕು. ಅದಕ್ಕಿಂತ ದೊಡ್ಡದು, ಸರ್ಟಿಫಿಕೇಟ್ ಇಳಿಯುವುದು ಟೋಕನ್‌ಗೆ, ಮತ್ತು ಆ ಟೋಕನ್ ಎಲ್ಲಿದೆ? ನಿಮ್ಮ ಮೇಜಿನ ಡ್ರಾಯರ್‌ನಲ್ಲಿ, ಅಲ್ವಾ? ಬಹುತೇಕ ಕಂಪನಿಗಳಲ್ಲಿ ಹಾಗೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 42 ಪ್ರಕಾರ ಆ ಕೀಯನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳುವ ಹೊಣೆ ಸರ್ಟಿಫಿಕೇಟ್ ಯಾರ ಹೆಸರಲ್ಲಿದೆಯೋ ಅವರದೇ. ಟೋಕನ್, ಪಿನ್ ಎರಡೂ ಆಫೀಸಿನಲ್ಲಿ ಬಿಟ್ಟು ಹೋಗುವುದು ಖಾಲಿ ಚೆಕ್‌ಗೆ ಸಹಿ ಹಾಕಿ ಕೊಟ್ಟ ಹಾಗೆ. ಎಂಡಿ ವಾಪಸ್ ಬಂದ ಮೇಲೆ ನಿಧಾನವಾಗಿ ಮಾಡಿಸಿಕೊಳ್ಳಲಿ. ಅಕ್ಟೋಬರ್ 31ರ ಐಟಿಆರ್-6ಕ್ಕೆ ಅವರದೇ ಸಹಿ ಹಾಕಬಹುದು. ಆಗ Principal Contact ಮತ್ತೆ ಬದಲಿಸಿ, ಹೊಸ ಡಿಎಸ್‌ಸಿಯನ್ನು ಅವರ ಲಾಗಿನ್, ಕಂಪನಿ ಲಾಗಿನ್ ಎರಡರಲ್ಲೂ ನೋಂದಾಯಿಸಬೇಕು.

ನಿಮ್ಮ ಕಂಪನಿಯದಲ್ಲ, ಆಡಿಟರ್ ಅವರದೇ ಡಿಎಸ್‌ಸಿ ಮುಗಿದಿದ್ದರೆ ಕತೆ ಬೇರೆ ಆಗುತ್ತಿತ್ತು. ಡೈರೆಕ್ಟರ್‌ಗೆ ಬದಲಿ ಡೈರೆಕ್ಟರ್ ಇದ್ದಾರೆ. ಆಡಿಟರ್‌ಗೆ ಅವರ ಆಫೀಸಿನ ಇನ್ನೊಬ್ಬ ಪಾರ್ಟ್‌ನರ್ ಹಾಗೇ ಬದಲಿ ಆಗುವುದಿಲ್ಲ. ರಿಪೋರ್ಟ್‌ಗೆ ಸಹಿ ಮಾಡಿದ ಸದಸ್ಯರ ನಂಬರ್, ಯುಡಿಐಎನ್, ಅಪ್‌ಲೋಡ್ ಮಾಡುವ ಲಾಗಿನ್ ಎಲ್ಲವೂ ಒಬ್ಬರದೇ ಆಗಿರಬೇಕು. ಅಲ್ಲಿ ಹೊಸ ಡಿಎಸ್‌ಸಿ ಬಿಟ್ಟು ಬೇರೆ ದಾರಿ ಇಲ್ಲ.

ಈಗ ಪೇಪರ್. ರಿಪೋರ್ಟ್ ಎಲೆಕ್ಟ್ರಾನಿಕ್ ಆಗಿಯೇ ಕೊಡಬೇಕು ಅಂತ ನಿಯಮ. ಆಫೀಸಿನ ಟಪಾಲು ವಿಭಾಗದಲ್ಲಿ ಸೀಲ್ ಬಿದ್ದರೂ ಪೋರ್ಟಲ್‌ನಲ್ಲಿ ನಿಮ್ಮ ರಿಪೋರ್ಟ್ ಬಾಕಿಯೇ. ಹಾಗಂತ ಪೂರ್ತಿ ವ್ಯರ್ಥ ಅಲ್ಲ. ಗಡುವು ತಪ್ಪಿದರೆ ಸೆಕ್ಷನ್ 271ಬಿ ಪ್ರಕಾರ ದಂಡ: ವಹಿವಾಟಿನ ಅರ್ಧ ಪರ್ಸೆಂಟ್ ಅಥವಾ 1,50,000 ರೂಪಾಯಿ, ಯಾವುದು ಕಡಿಮೆಯೋ ಅದು. ನಿಮ್ಮ 14 ಕೋಟಿಗೆ ಅರ್ಧ ಪರ್ಸೆಂಟ್ ಅಂದರೆ 7 ಲಕ್ಷ, ಹಾಗಾಗಿ ನಿಮಗೆ ಲೆಕ್ಕ 1,50,000ಕ್ಕೆ ನಿಲ್ಲುತ್ತದೆ. ಇದು ತಾನಾಗಿ ಬೀಳುವುದಿಲ್ಲ. ಅಧಿಕಾರಿ ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಬೇಕು. ಸಕಾರಣ ಇದ್ದರೆ ದಂಡ ಹಾಕುವಂತಿಲ್ಲ ಅಂತ ಸೆಕ್ಷನ್ 273ಬಿ ಹೇಳುತ್ತದೆ. ಆಗ ಸೆಪ್ಟೆಂಬರ್ 30ರ ಮುಂಚೆಯೇ ರಿಪೋರ್ಟ್ ಸಿದ್ಧವಿತ್ತು, ನಾವು ಪ್ರಯತ್ನಿಸಿದೆವು ಅಂತ ತೋರಿಸಬೇಕು. ಅಲ್ಲಿ ಆ ಸೀಲಿನ ಪ್ರತಿ ಕೆಲಸಕ್ಕೆ ಬರುತ್ತದೆ.

ನಿಜ ಹೇಳಬೇಕೆಂದರೆ, ಬರೀ ಡಿಎಸ್‌ಸಿ ಮುಗಿದಿತ್ತು ಅನ್ನುವುದು ದುರ್ಬಲ ಕಾರಣ. ಮುಗಿಯುವ ದಿನ ಸರ್ಟಿಫಿಕೇಟ್ ಕೊಟ್ಟ ದಿನವೇ ಗೊತ್ತಿರುತ್ತದೆ. ಅಧಿಕಾರಿ ಅದನ್ನೇ ಕೇಳುತ್ತಾರೆ. ಕಾರಣಕ್ಕೆ ತೂಕ ಬರುವುದು ಅದರ ಜೊತೆಗಿನ ದಾಖಲೆಯಿಂದ: ಆಡಿಟರ್ ಅಪ್‌ಲೋಡ್ ಮಾಡಿದ ದಿನಾಂಕ ತೋರಿಸುವ ಪೋರ್ಟಲ್ ಪುಟ, ದೋಷದ ಸಂದೇಶದ ಸ್ಕ್ರೀನ್‌ಶಾಟ್ ತಾರೀಖಿನ ಸಮೇತ, ಹೊಸ ಡಿಎಸ್‌ಸಿಗೆ ಹಾಕಿದ ಅರ್ಜಿ ಮತ್ತು ಅದು ತಿರಸ್ಕೃತವಾದ ಇಮೇಲ್, ಪೋರ್ಟಲ್‌ನ Grievances ವಿಭಾಗದಲ್ಲಿ 30ರ ಮುಂಚೆಯೇ ಹಾಕಿದ ದೂರಿನ ನಂಬರ್. ಇವನ್ನು ಆಗಲೇ ಉಳಿಸಿಡಿ, ನೋಟಿಸ್ ಬಂದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಗಡುವು ತಪ್ಪಿತು ಅಂತ ಸುಮ್ಮನೆ ಕೂರಲೂ ಬೇಡಿ. ಅಕ್ಟೋಬರ್ 3ಕ್ಕೋ 5ಕ್ಕೋ ಒಪ್ಪಿಗೆ ಆದರೆ, ರಿಟರ್ನ್‌ಗಿಂತ ಮುಂಚೆ ರಿಪೋರ್ಟ್ ಬಂತು ಅಂತ ವಾದಿಸಲು ಜಾಗ ಇರುತ್ತದೆ.

ಇಲಾಖೆ ಗಡುವು ಮುಂದೆ ಹಾಕಬಹುದು ಅಂತ ಕಾಯುವವರೂ ಇದ್ದಾರೆ. 2025ರಲ್ಲಿ ಸೆಪ್ಟೆಂಬರ್ 30 ಮೊದಲು ಅಕ್ಟೋಬರ್ 31 ಆಯಿತು, ಆಮೇಲೆ ನವೆಂಬರ್ 10 ಆಯಿತು, ನಿಜ. ಆದರೆ ಮೊದಲ ಘೋಷಣೆ ಬಂದದ್ದು ಗಡುವಿಗೆ ಕೆಲವೇ ದಿನ ಇದ್ದಾಗ. ಅದನ್ನು ನೆಚ್ಚಿಕೊಂಡು ಪ್ಲಾನ್ ಮಾಡಬೇಡಿ.

ಕೊನೆಗೆ ಒಂದು ಗೊಂದಲ. ಕಂಪನಿ ಕಾಯ್ದೆಯ ಆಡಿಟ್ ರಿಪೋರ್ಟ್ ಬ್ಯಾಲೆನ್ಸ್ ಶೀಟ್ ಜೊತೆ ಎಒಸಿ-4ರಲ್ಲಿ ಹೋಗುತ್ತದೆ. ಅದು ಕಂಪನಿ ವ್ಯವಹಾರಗಳ ಇಲಾಖೆಯ ಎಂಸಿಎ ಪೋರ್ಟಲ್, ವಾರ್ಷಿಕ ಸಭೆ ಆದ 30 ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಅಲ್ಲಿ ಡಿಎಸ್‌ಸಿ ನೋಂದಣಿ ಬೇರೆಯೇ, ಆದಾಯ ತೆರಿಗೆಯಲ್ಲಿ ಮಾಡಿದ್ದು ಅಲ್ಲಿಗೆ ಹೋಗುವುದಿಲ್ಲ. ತಮ್ಮನವರದು ಅಲ್ಲಿ ಆಗಲೇ ಇರುವುದರಿಂದ ಅದಕ್ಕೂ ಅವರ ಸಹಿಯನ್ನೇ ಬಳಸಿ. ನಿರ್ಣಯ ಬರೆಸುವಾಗ ಆ ಫಾರ್ಮ್‌ನ ಹೆಸರನ್ನೂ ಸೇರಿಸಿಬಿಟ್ಟರೆ ಇನ್ನೊಂದು ನಿರ್ಣಯದ ಕೆಲಸ ಉಳಿಯುತ್ತದೆ.